ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳು

ಪ್ರಶ್ನೆ: ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ಸಾವಿರಾರು ರೆಕ್ಕೆಹುಳುಗಳು ಮುತ್ತುತ್ತವೆ, ಬೆಳಿಗ್ಗೆ ನೋಡಿದರೆ ನೆಲದ ತುಂಬ ಬರೀ ರೆಕ್ಕೆ. ಯಾಕೆ ಹೀಗೆ? ಮನೆಗೆ ಗೆದ್ದಲು ಹಿಡಿದಿದೆ ಎಂದರ್ಥವೇ?

ಉತ್ತರ: ಅವು ಗೆದ್ದಲುಗಳೇ, ಆದರೆ ಮರ ತಿನ್ನಲು ಬಂದವಲ್ಲ, ಜೋಡಿ ಹುಡುಕಲು ಹೊರಟವು. ನೆಲದಡಿಯ ಗೂಡಿನಲ್ಲಿ ದುಡಿಯುವ ಗೆದ್ದಲುಗಳಿಗೆ ಸಾಮಾನ್ಯವಾಗಿ ಕಣ್ಣೂ ಇಲ್ಲ, ರೆಕ್ಕೆಯೂ ಇಲ್ಲ. ಗೂಡು ಹುಟ್ಟಿ ಕೆಲವು ವರ್ಷ ಕಳೆದು ಬಲಿತ ಮೇಲೆ, ಕಣ್ಣು ಮತ್ತು ನಾಲ್ಕು ರೆಕ್ಕೆಗಳಿರುವ ಗಂಡು ಹೆಣ್ಣುಗಳು ಅಲ್ಲಿ ಬೆಳೆಯುತ್ತವೆ. ಮಳೆಗೆ ಮುಂಚೆಯೇ ಸಿದ್ಧವಾಗಿ ಅವು ಒಳಗೇ ಕಾಯುತ್ತಿರುತ್ತವೆ.

ಕಾಯುವುದು ಮಣ್ಣು ಮೆತ್ತಗಾಗಲೆಂದು. ಜೋಡಿಯಾದ ಮೇಲೆ ಹೊಸ ಗೂಡಿಗಾಗಿ ಗಟ್ಟಿ ನೆಲವನ್ನು ಎರಡು ಪುಟ್ಟ ಹುಳುಗಳು ತೋಡಲಾರವು. ಅವುಗಳ ತೆಳು ಚರ್ಮ ಒಣಗಾಳಿಯನ್ನೂ ತಾಳುವುದಿಲ್ಲ. ಮಳೆ ಬಿದ್ದು ನೆಲ ಮೆತ್ತಗಾಗಿ, ಗಾಳಿ ನಿಂತು ತೇವ ಹೆಚ್ಚಿದಾಗ ಕೆಲಸಗಾರ ಗೆದ್ದಲುಗಳು ಮಣ್ಣಿನಲ್ಲಿ ಕಿಂಡಿ ತೆರೆಯುತ್ತವೆ. ಅದೇ ಮಳೆ ಸುತ್ತಲಿನ ಎಲ್ಲ ಗೂಡುಗಳಿಗೂ ಸಿಕ್ಕಿರುವುದರಿಂದ ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತವೆ. ಇದರಿಂದ ಬೇರೆ ಗೂಡಿನ ಸಂಗಾತಿ ಸಿಗುತ್ತದೆ, ಹಕ್ಕಿ, ಕಪ್ಪೆ, ಹಲ್ಲಿ, ಇರುವೆಗಳು ಎಷ್ಟು ತಿಂದರೂ ಒಂದಷ್ಟು ಉಳಿದುಕೊಳ್ಳುತ್ತವೆ. ಎಲ್ಲ ಜಾತಿಗಳೂ ಸಂಜೆಯೇ ಹಾರುವುದಿಲ್ಲ, ಹಗಲಲ್ಲಿ ಹಾರುವವೂ ಇವೆ.

ಇನ್ನು ಬೆಳಕಿನ ಮಾತು. ಕತ್ತಲ ಗೂಡಿನಿಂದ ಹೊರಬಿದ್ದ ಹುಳುವಿಗೆ ಆ ಹೊತ್ತಿನಲ್ಲಿ ಬೆಳಕಿನ ಕಡೆ ಹೋಗುವ ಸೆಳೆತ ಬಲವಾಗಿರುತ್ತದೆ. ಮುಸ್ಸಂಜೆಯ ಬಯಲಲ್ಲಿ ಆ ಬೆಳಕೆಂದರೆ ತೆರೆದ ಆಕಾಶವೇ. ಅದನ್ನು ನೋಡಿ ಮೇಲೆದ್ದರೆ ಗಿಡಗಂಟಿ ದಾಟಿ ಒಂದಿಷ್ಟು ದೂರ ಹಾರಬಹುದು. ಹತ್ತಿರದಲ್ಲೇ ಬಲ್ಬ್ ಉರಿಯುತ್ತಿದ್ದರೆ ಆ ಸೆಳೆತ ಹುಳುವನ್ನು ಅಲ್ಲಿಗೇ ಎಳೆದು ಸಿಕ್ಕಿಸುತ್ತದೆ.

ನೆಲಕ್ಕಿಳಿದ ಮೇಲೆ ನಡೆಯುವುದನ್ನು ಒಮ್ಮೆ ಬಗ್ಗಿ ನೋಡಿ, ಅಷ್ಟು ಚೆನ್ನಾಗಿದೆ. ರೆಕ್ಕೆಯ ಬುಡದಲ್ಲಿ ಮುರಿಯಲೆಂದೇ ಒಂದು ಗೆರೆ ಇರುತ್ತದೆ. ಮೈ ಹೊರಳಿಸಿದರೆ ಸಾಕು, ರೆಕ್ಕೆ ಕಳಚಿ ಬೀಳುತ್ತದೆ. ಹಲವು ಜಾತಿಗಳಲ್ಲಿ ಹೆಣ್ಣು ಹೊಟ್ಟೆಯ ತುದಿ ಎತ್ತಿ ವಾಸನೆ ಬಿಡುತ್ತದೆ. ಗಂಡು ಬಂದು ಅದರ ಬೆನ್ನಿಗೆ ಅಂಟಿಕೊಂಡಂತೆ ಹಿಂದೆಯೇ ನಡೆಯುತ್ತದೆ. ಈಗ ಅವಕ್ಕೆ ಬೆಳಕು ಬೇಡ, ಮಣ್ಣಿನ ಬಿರುಕು ಬೇಕು. ಸಿಕ್ಕರೆ ಅಲ್ಲೇ ಗೂಡು ತೋಡಿ ರಾಜ ರಾಣಿಯಾಗುತ್ತವೆ. ಟೈಲ್ಸ್ ನೆಲದಲ್ಲಿ ಅದೆಲ್ಲಿ ಸಿಗಬೇಕು? ಒಣಗಿ ಸಾಯುತ್ತವೆ. ಸತ್ತವನ್ನು ಇರುವೆಗಳು ಹೊತ್ತೊಯ್ದರೆ ರೆಕ್ಕೆಗಳಷ್ಟೇ ಉಳಿಯುತ್ತವೆ.

ಕಿಟಕಿಯಿಂದ ದೀಪಕ್ಕೆ ಬಂದವಾದರೆ ಮನೆಗೆ ಗೆದ್ದಲು ಹಿಡಿದಿದೆ ಎಂದೇನೂ ಅಲ್ಲ. ಹೊರಗಿನ, ಒಳಗಿನ ದೀಪಗಳನ್ನು ಒಂದು ಗಂಟೆ ಆರಿಸಿದರೆ ಹಾವಳಿ ಬಹಳ ಕಡಿಮೆಯಾಗುತ್ತದೆ. ಔಷಧಿ ಸಿಂಪಡಿಸುವ ಅಗತ್ಯವಿಲ್ಲ. ಆದರೆ ಕಿಟಕಿ ಬಾಗಿಲು ಮುಚ್ಚಿದ್ದಾಗಲೂ ಗೋಡೆಯ ಬಿರುಕಿನಿಂದಲೋ ಬಾಗಿಲ ಚೌಕಟ್ಟಿನಿಂದಲೋ ಹುಳುಗಳು ಹೊರಬರುತ್ತಿದ್ದರೆ ಗೆದ್ದಲು ಕಟ್ಟಡದೊಳಗೇ ಇದೆ. ಗೋಡೆಯ ಬುಡದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಂಡರೆ, ಮರವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ತಡಮಾಡದೆ ಗೆದ್ದಲು ನಿಯಂತ್ರಣದವರನ್ನು ಕರೆಸಿ ತೋರಿಸಿ.