ಪೇಪರ್ ಓದುವ ಪ್ರಶ್ನೆ, ಮತ್ತೊಮ್ಮೆ

ಪ್ರಶ್ನೆ: ಮೇಡಂ, ನಾನು ಕಾರವಾರದಲ್ಲಿ ಕಡಲ ಜೀವವಿಜ್ಞಾನದ ಮೊದಲ ವರ್ಷದ ಎಂ.ಎಸ್ಸಿ. ಓದುತ್ತಿದ್ದೇನೆ. ಸಂಶೋಧನಾ ಪೇಪರನ್ನು ಮೂರು ಸಲ ಓದಬೇಕು ಎಂದು ನಮ್ಮ ಸರ್ ಹೇಳಿದರು. ಮೂರು ಸಲವೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಮೊದಲ ಸಲ ಎಷ್ಟು ತಿಳಿಯಿತೋ ಮೂರನೇ ಸಲವೂ ಅಷ್ಟೇ. ಮುಂದಿನ ವಾರ ಸೆಮಿನಾರ್ ಇದೆ. ಏನು ಮಾಡಲಿ? (ಕುಮಟಾದ ವಿದ್ಯಾರ್ಥಿನಿ)

ಉತ್ತರ: ಸೆಮಿನಾರ್ ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಿದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಸರ್ ಹೇಳಿದ್ದು ಸರಿ, ಆದರೆ ಅರ್ಧಕ್ಕೇ ಬಿಟ್ಟಿದ್ದಾರೆ. ಮೂರು ಸಲ ಎಂದರೆ ಪಾರಾಯಣವಲ್ಲ ತಂಗಿ. ಒಂದೊಂದು ಸುತ್ತಿಗೂ ಬೇರೆ ಬೇರೆ ಕೆಲಸ. ಈ ಕ್ರಮವನ್ನು 2007ರಲ್ಲಿ ಬರೆದಿಟ್ಟವರು ಕಂಪ್ಯೂಟರ್ ನೆಟ್‌ವರ್ಕ್ ಕ್ಷೇತ್ರದ ಎಸ್. ಕೇಶವ್. ಅವರ ಲೆಕ್ಕದಲ್ಲಿ ಮೊದಲ ಸುತ್ತಿಗೆ ಐದರಿಂದ ಹತ್ತು ನಿಮಿಷ, ಎರಡನೆಯದಕ್ಕೆ ಹೆಚ್ಚೆಂದರೆ ಒಂದು ತಾಸು, ಮೂರನೆಯದಕ್ಕೆ ಹೊಸಬರಾದರೆ ನಾಲ್ಕೈದು ತಾಸು. ಬಳಚು, ಸೀಗಡಿ ಓದುವ ನಮಗೂ ಇದು ಹೊಂದುತ್ತದೆ.

ಮೊದಲ ಸುತ್ತಿನಲ್ಲಿ ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆಗಳು, ಕೊನೆಯ ತೀರ್ಮಾನ ಇಷ್ಟನ್ನೇ ಓದಿ, ಆಕರಗಳ ಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಇದು ಯಾವ ಬಗೆಯ ಪೇಪರ್, ಏನನ್ನು ಸಾಧಿಸಿದ್ದೇವೆ ಎನ್ನುತ್ತಾರೆ, ನನಗೆ ಇದು ಬೇಕೇ ಎಂಬುದಕ್ಕೆ ಉತ್ತರ ಸಿಕ್ಕರೆ ಸಾಕು. ಬೇಡ ಎನಿಸಿದರೆ ಮುಚ್ಚಿಡಿ. ಬಹುಪಾಲು ಪೇಪರುಗಳ ಓದು ಇಲ್ಲೇ ಮುಗಿಯಬೇಕು. ಮುಚ್ಚಿಟ್ಟರೆ ಪಾಪ ಬರುತ್ತದೆ ಎಂಬಂತೆ ಪ್ರತಿ ಸಾಲಿಗೂ ಹಳದಿ ಬಣ್ಣ ಬಳಿಯುತ್ತ ಕೂರುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಪುಟವೆಲ್ಲ ಹಳದಿಯಾದರೆ ಯಾವುದು ಮುಖ್ಯ ಎಂದು ಗೊತ್ತಾಗುವುದಾದರೂ ಹೇಗೆ?

ಇನ್ನು ಎರಡು ಮತ್ತು ಮೂರನೇ ಸುತ್ತು. ಇದನ್ನು ತೋರಿಸಲು ಒಂದು ಪೇಪರನ್ನು ನಾನೇ ಕಟ್ಟುತ್ತೇನೆ. ಇದು ನಿಜವಾಗಿ ಯಾರೂ ಬರೆದದ್ದಲ್ಲ. ಅಘನಾಶಿನಿ ಅಳಿವೆಯಲ್ಲಿ ಎರಡು ಮರಳು ದಿಬ್ಬ, ಒಂದು ಸಮುದ್ರದ ಬಾಯಿಗೆ ಹತ್ತಿರ, ಇನ್ನೊಂದು ಒಳಗೆ, ನೀರು ಸಪ್ಪೆಯಿರುವಲ್ಲಿ. ಎರಡರಲ್ಲೂ 25-25 ಬಳಚು ಆರಿಸಿ ಚಿಪ್ಪಿನ ಉದ್ದ ಅಳೆದಿದ್ದಾರೆ. ಸರಾಸರಿ ಬಾಯಿಯ ಬಳಿಯ ದಿಬ್ಬದಲ್ಲಿ 34 ಮಿ.ಮೀ., ಒಳಗಿನದರಲ್ಲಿ 31 ಮಿ.ಮೀ. ‘ಉಪ್ಪಿನಂಶ ಕಡಿಮೆಯಾದರೆ ಬಳಚಿನ ಬೆಳವಣಿಗೆ ಕುಂಠಿತವಾಗುತ್ತದೆ’ ಎಂಬುದು ತೀರ್ಮಾನ.

ಎರಡನೇ ಸುತ್ತಿನಲ್ಲಿ ಮೊದಲು ಗ್ರಾಫಿಗೆ ಹೋಗಿ. ಎರಡು ಕಂಬ, ಪ್ರತಿ ಕಂಬದ ತುದಿಯಲ್ಲಿ ಮೇಲೊಂದು ಕೆಳಗೊಂದು ಮಿ.ಮೀ. ಚಾಚಿದ ಗೆರೆ. ಒಂದರ ಗೆರೆ 33ರಿಂದ 35, ಇನ್ನೊಂದರದ್ದು 30ರಿಂದ 32. ಒಂದಕ್ಕೊಂದು ತಾಗುವುದೇ ಇಲ್ಲ, ನೋಡಲು ಚೊಕ್ಕವಾಗಿದೆ. ಈಗ ಗ್ರಾಫಿನ ಕೆಳಗಿನ ಸಣ್ಣ ಅಕ್ಷರ ಓದಿ. ಅಲ್ಲಿ `SE` ಎಂದಿದೆ, `SD` ಎಂದಿಲ್ಲ. `SD` ಹೇಳುವುದು ಬಳಚುಗಳ ಉದ್ದ ಎಷ್ಟು ಹರಡಿದೆ ಎಂದು, `SE` ಹೇಳುವುದು ಸರಾಸರಿ ಎಷ್ಟು ಆಚೀಚೆಯಾಗಬಹುದು ಎಂದು. `SE = SD/√n` ತಾನೆ? ಅಳೆದ ಬಳಚುಗಳ ಸಂಖ್ಯೆ `n` 25, ಅದರ ವರ್ಗಮೂಲ 5. ಹಾಗಾಗಿ `SD` ಐದು ಮಿ.ಮೀ. ಅಂದರೆ ಮೊದಲ ದಿಬ್ಬದ ಹೆಚ್ಚಿನ ಬಳಚು 29ರಿಂದ 39ರೊಳಗೆ, ಎರಡನೆಯದರಲ್ಲಿ 26ರಿಂದ 36ರೊಳಗೆ. ಎರಡನ್ನೂ ಒಂದೇ ಬುಟ್ಟಿಗೆ ಸುರಿದರೆ ಯಾವುದು ಎಲ್ಲಿಯದು ಎಂದು ಬೇರ್ಪಡಿಸಲು ನಿಮ್ಮಿಂದಾಗದು. ಸರಾಸರಿಯ ವ್ಯತ್ಯಾಸ ಸುಳ್ಳೆಂದು ನಾನು ಹೇಳುತ್ತಿಲ್ಲ. ಟಿ-ಪರೀಕ್ಷೆ ಮಾಡಿದರೆ `t` ಸುಮಾರು 2.1, `p` 0.04ರ ಆಸುಪಾಸು ಬರುತ್ತದೆ. ವ್ಯತ್ಯಾಸ ಇದೆ, ಗ್ರಾಫು ತೋರಿಸಿದಷ್ಟು ಚೊಕ್ಕವಾಗಿಲ್ಲ. ಈ ಸುತ್ತು ಮುಗಿದಾಗ ಪೇಪರಿನ ವಾದವನ್ನೂ ಅದಕ್ಕೆ ಕೊಟ್ಟ ಪುರಾವೆಯನ್ನೂ ಗೆಳತಿಗೆ ಬಾಯಲ್ಲೇ ಹೇಳಲು ಬರಬೇಕು. ಬರದಿದ್ದರೆ ತಳಪಾಯವೇ ಸಾಲದೆ ಇರಬಹುದು. ಆಗ ಪೇಪರ್ ಬದಿಗಿಟ್ಟು ಆ ವಿಷಯದ ಒಂದು ವಿಮರ್ಶಾ ಲೇಖನ ಓದಿ ಬನ್ನಿ. ಅದೇ ಪುಟವನ್ನು ಮತ್ತೆ ಮತ್ತೆ ತಿಕ್ಕಿ ಪ್ರಯೋಜನವಿಲ್ಲ.

ಮೂರನೇ ಸುತ್ತಿನಲ್ಲಿ ಪೇಪರ್ ಮುಚ್ಚಿ ಖಾಲಿ ಹಾಳೆ ತೆಗೆದುಕೊಳ್ಳಿ. ಉಪ್ಪಿನಂಶದಿಂದ ಬೆಳವಣಿಗೆ ಬದಲಾಗುತ್ತದೆಯೇ ಎಂಬ ಪ್ರಶ್ನೆ ನಿಮ್ಮದೇ ಆಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹಂತ ಹಂತವಾಗಿ ಬರೆಯಿರಿ, ಆಮೇಲೆ ಅವರದ್ದರ ಪಕ್ಕ ಇಟ್ಟು ನೋಡಿ.

ಬೆಳವಣಿಗೆ ತಿಳಿಯಲು ನೀವು ಗುರುತು ಹಾಕಿದ ಬಳಚನ್ನು ತಿಂಗಳುಗಟ್ಟಲೆ ಬಿಟ್ಟು ಮತ್ತೆ ಅಳೆಯುತ್ತಿದ್ದಿರಿ. ಅವರು ಒಮ್ಮೆ ಮಾತ್ರ ಉದ್ದ ಅಳೆದಿದ್ದಾರೆ. 31 ಮಿ.ಮೀ. ಬಳಚು ನಿಧಾನ ಬೆಳೆದದ್ದೋ, ಇನ್ನೂ ಎಳೆಯದೋ ಹೇಳುವುದು ಹೇಗೆ?

ಎರಡನೆಯದಾಗಿ, ನೀವು ಉಪ್ಪು ನೀರಿನ ಮೂರ್ನಾಲ್ಕು ದಿಬ್ಬ, ಸಪ್ಪೆ ನೀರಿನ ಮೂರ್ನಾಲ್ಕು ದಿಬ್ಬ ಆರಿಸುತ್ತಿದ್ದಿರಿ. ಅವರಲ್ಲಿರುವುದು ಒಂದೊಂದೇ. 25 ಬಳಚು ಆ ದಿಬ್ಬದ ಬಗ್ಗೆ ಹೇಳುತ್ತವೆ. ಉಪ್ಪಿನ ಬಗ್ಗೆ ಕೇಳಿದರೆ `n` 25 ಅಲ್ಲ, ಒಂದು. ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಇದಕ್ಕೆ ಸ್ಯೂಡೊರೆಪ್ಲಿಕೇಷನ್ ಎಂದು ಹೆಸರಿಟ್ಟರು. ಅವರು ಜಾಲಾಡಿದ 176 ಪ್ರಯೋಗಗಳಲ್ಲಿ ಟಿ-ಪರೀಕ್ಷೆಯಂಥ ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದವುಗಳ ಪೈಕಿ ಶೇ. 48ರಲ್ಲಿ ಈ ದೋಷ ಸಿಕ್ಕಿತು. ದೊಡ್ಡ ಜರ್ನಲ್‌ನಲ್ಲಿ ಬಂದಿದೆ, ತಪ್ಪಿರಲಾರದು ಎನ್ನುವವರು ಈ ಸಂಖ್ಯೆ ನೆನಪಿಡಲಿ.

ಹಾಗಾದರೆ ದಿಬ್ಬಗಳಲ್ಲಿ ಉಪ್ಪಲ್ಲದೆ ಬೇರೇನು ವ್ಯತ್ಯಾಸವಿದೆ? ಇದು ಪೇಪರಿನಲ್ಲಿ ಸಿಗುವುದಿಲ್ಲ, ನಿಮ್ಮೂರಲ್ಲಿ ಸಿಗುತ್ತದೆ. ನೀರು ಇಳಿದಾಗ ಬಳಚು ಹೆಕ್ಕಲು ಹೋಗುವ ಹೆಂಗಸರು ದೊಡ್ಡದನ್ನೇ ಆರಿಸುತ್ತಾರೆ. ಊರಿಗೆ ಹತ್ತಿರದ ದಿಬ್ಬದಲ್ಲಿ ಸಣ್ಣವೇ ಉಳಿದಿದ್ದರೆ ಅದಕ್ಕೆ ಉಪ್ಪು ಕಾರಣವಲ್ಲ. ಒಂದು ದಿಬ್ಬಕ್ಕೆ ಮೇ ತಿಂಗಳಲ್ಲಿ, ಇನ್ನೊಂದಕ್ಕೆ ಮಳೆಗಾಲ ಕಳೆದ ಮೇಲೆ ಹೋಗಿದ್ದರಂತೂ ಹೋಲಿಕೆಯೇ ನಿಲ್ಲುವುದಿಲ್ಲ. ತಾರೀಕು ವಿಧಾನದ ಭಾಗದಲ್ಲಿದೆಯೇ ನೋಡಿ.

ಇಷ್ಟಾದ ಮೇಲೆ ಪೇಪರ್ ಸುಳ್ಳು ಎಂದು ಸೆಮಿನಾರಿನಲ್ಲಿ ಗುಡುಗಬೇಡಿ. ‘ಆ ದಿನ ಆ ಎರಡು ದಿಬ್ಬಗಳ ಬಳಚಿನ ಗಾತ್ರದಲ್ಲಿ ವ್ಯತ್ಯಾಸವಿತ್ತು, ಕಾರಣ ಉಪ್ಪೇ ಎನ್ನಲು ಈ ವಿನ್ಯಾಸ ಸಾಲದು’ ಎನ್ನಿ. ಅದಕ್ಕಿಂತ ಹೆಚ್ಚು ಹೇಳಲು ನಿಮ್ಮ ಬಳಿಯೂ ಪುರಾವೆಯಿಲ್ಲ. ನಾಲ್ಕೈದು ತಾಸಿನ ಈ ಕೆಲಸವನ್ನು ಸೆಮಿನಾರಿನ ಪೇಪರಿಗೆ, ಪ್ರಾಜೆಕ್ಟಿನ ಆಧಾರವಾದ ಒಂದೆರಡಕ್ಕೆ ಮಾತ್ರ ಮಾಡಿ.

ಪ್ರಶ್ನೆ: ಬರೀ ಸಾರಾಂಶ ಓದಿ ಸೆಮಿನಾರ್ ಕೊಟ್ಟರೆ ನಡೆಯುವುದಿಲ್ಲವೇ? (ಅಂಕೋಲಾ)

ಉತ್ತರ: ದಿಬ್ಬ ಎರಡೇ ಇತ್ತು ಎಂದು ಸಾರಾಂಶದಲ್ಲಿ ಯಾರೂ ಬರೆಯುವುದಿಲ್ಲ.

ಪ್ರಶ್ನೆ: ವೇಗದ ಓದು ಕಲಿಸುವ ಕೋರ್ಸಿಗೆ ಸೇರಬಹುದೇ? ಸೆಮಿನಾರ್ ನೋಟ್ಸನ್ನೂ ಅವರೇ ಕೊಡುತ್ತಾರಂತೆ. (ಶಿರಸಿ)

ಉತ್ತರ: ಬೇಡ. ಕೋಷ್ಟಕವನ್ನು ವೇಗವಾಗಿ ಓದಿಸುವ ಮಂತ್ರ ಯಾರ ಬಳಿಯೂ ಇಲ್ಲ. ಇನ್ನು ಮಾರುವ ನೋಟ್ಸು ಸಾರಾಂಶದ ನಕಲು, ಅದಕ್ಕೆ ದುಡ್ಡು ಬೇರೆ.

ಪ್ರಶ್ನೆ: ಬೇಕಾದ ಪೇಪರ್ ತೆರೆಯಲು ಹೋದರೆ ದುಡ್ಡು ಕೇಳುತ್ತದೆ, ನಮ್ಮ ಲೈಬ್ರರಿಯಲ್ಲೂ ಇಲ್ಲ. (ಹೊನ್ನಾವರ)

ಉತ್ತರ: ಲೇಖಕರ ಇಮೇಲ್ ಸಾರಾಂಶದ ಪುಟದಲ್ಲೇ ಸಾಮಾನ್ಯವಾಗಿ ಇರುತ್ತದೆ. ಯಾವ ಪೇಪರ್, ಯಾಕೆ ಬೇಕು ಎಂದು ಎರಡು ಸಾಲು ಬರೆದು ಕೇಳಿ, ಕಳಿಸುವವರು ಕಳಿಸುತ್ತಾರೆ. ನಿಮ್ಮ ಕಷ್ಟಸುಖವನ್ನೆಲ್ಲ ಒಂದು ಪುಟ ಬರೆಯಬೇಡಿ, ಅಷ್ಟು ಓದುವ ಪುರುಸೊತ್ತು ಅವರಿಗಿಲ್ಲ.