ಸರ್ವರ್ ಕೆಲಸದಿಂದ ಸೈಬರ್ ಸೆಕ್ಯುರಿಟಿಗೆ

ಪ್ರಶ್ನೆ: ನಾನು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಸೈಬರ್ ಸೆಕ್ಯುರಿಟಿಗೆ ಹೋಗಬೇಕು. ಡಿಫೆನ್ಸ್, ಟೆಸ್ಟಿಂಗ್, ಗವರ್ನೆನ್ಸ್ ಇವುಗಳಲ್ಲಿ ಯಾವುದು ಹಿಡಿಯಲಿ?

ಡಿಫೆನ್ಸ್‌ನಿಂದ ಶುರು ಮಾಡಿ. ದಾಳಿಯನ್ನು ಗುರುತಿಸಬೇಕಾದರೆ ಮಾಮೂಲಿ ದಿನ ಹೇಗಿರುತ್ತದೆ ಅಂತ ಗೊತ್ತಿರಬೇಕು, ಅದು ನಿಮಗೆ ಈಗಾಗಲೇ ಗೊತ್ತಿದೆ ಅಲ್ವಾ?

ವಿಂಡೋಸ್ ಸರ್ವರ್‌ನ `Security` ಲಾಗ್ ತೆಗೆಯಿರಿ. ಅದರಲ್ಲಿ ಇವೆಂಟ್ ನಂಬರ್ 4625 ಅಂದರೆ ಲಾಗಿನ್ ಫೇಲ್, 4624 ಅಂದರೆ ಲಾಗಿನ್ ಆಯಿತು. ಒಂದೇ ಸರ್ವಿಸ್ ಅಕೌಂಟ್ ಐದೈದು ನಿಮಿಷಕ್ಕೊಮ್ಮೆ ತಪ್ಪದೆ ಫೇಲ್ ಆಗುತ್ತಿದ್ದರೆ, ಸಾಮಾನ್ಯವಾಗಿ ಯಾವುದೋ ಷೆಡ್ಯೂಲ್ಡ್ ಟಾಸ್ಕ್‌ನಲ್ಲಿ ಹಳೇ ಪಾಸ್‌ವರ್ಡ್ ಉಳಿದಿರುತ್ತದೆ. ಆದರೆ ಒಂದೇ ಐಪಿ ವಿಳಾಸದಿಂದ ಹತ್ತಾರು ಅಕೌಂಟ್‌ಗಳಿಗೆ ಒಂದೊಂದೇ 4625 ಬಂದು, ಆಮೇಲೆ ಒಂದಕ್ಕೆ 4624 ಬಂದರೆ ತಕ್ಷಣ ಎಚ್ಚರವಾಗಿ. ಯಾರೋ ಒಂದೇ ಪಾಸ್‌ವರ್ಡನ್ನು ಎಲ್ಲರ ಮೇಲೂ ಹಾಕಿ ನೋಡುತ್ತಿರಬಹುದು. ಪ್ರತಿ ಅಕೌಂಟ್‌ಗೆ ಒಂದೇ ಸಲ ಆದ್ದರಿಂದ ಯಾವುದೂ ಲಾಕ್ ಆಗುವುದಿಲ್ಲ.

ಇದೇ ಪ್ರಯತ್ನವನ್ನು ಟೆಸ್ಟರ್ ಲಿಖಿತ ಅನುಮತಿ ಪಡೆದು ತಾನೇ ಮಾಡುತ್ತಾನೆ. ಏನು ಸಿಕ್ಕಿತು, ಹೇಗೆ ಸರಿಪಡಿಸಬೇಕು ಅಂತ ವರದಿ ಬರೆಯುತ್ತಾನೆ. ಬರೆಯುವ ಕೆಲಸ ಹೊಸಬರು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಇರುತ್ತದೆ. ಗವರ್ನೆನ್ಸ್‌ನವರು ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಅಂತ ನಿಯಮ ಮಾಡಿ, ಅದು ಜಾರಿಯಾಗಿದೆಯಾ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಜನರ ಜೊತೆ ಮಾತು, ದಾಖಲೆ ಓದುವುದು ನಿಮಗೆ ಇಷ್ಟವಾದರೆ ನೇರವಾಗಿ ಅಲ್ಲಿಗೇ ಹೋಗಬಹುದು.