ಬಂದ್ ಆಗಿದ್ದೇ ಬೇರೆ, ರದ್ದಾಗಿದ್ದೇ ಬೇರೆ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಐಫೋನ್‌ನಲ್ಲಿ ಒಂದು ಆ್ಯಪ್‌ಗೆ ತಿಂಗಳಿಗೆ 9.99 ಡಾಲರ್ ಕಟ್ಟುತ್ತಿದ್ದೆ. ಮಾರ್ಚ್ 3ಕ್ಕೆ ಪೇಮೆಂಟ್ ಫೇಲ್ ಆಯಿತು. 19ಕ್ಕೆ ಆ್ಯಪ್ ಬಂದ್ ಆಯಿತು. ಪೀಡೆ ತೊಲಗಿತು ಅಂದುಕೊಂಡೆ. ಏಪ್ರಿಲ್ 12ಕ್ಕೆ ದುಡ್ಡು ಕಟ್ ಆಗಿದೆ! ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ. ನೀವು ರದ್ದು ಮಾಡಲೇ ಇಲ್ಲ. ಬಿಲ್ಲಿಂಗ್ ಕೆಲಸಕ್ಕೆ ಬಂದಾಗಿನಿಂದ ಇದೇ ದೂರು ಕೇಳುತ್ತಿದ್ದೇನೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ನಿಮ್ಮ ತಾರೀಖುಗಳನ್ನೇ ನೋಡಿ. ಮಾರ್ಚ್ 3ಕ್ಕೆ ಕಾರ್ಡ್ ಒಪ್ಪಲಿಲ್ಲ, ಆದರೂ 19ರವರೆಗೆ ಆ್ಯಪ್ ನಡೆಯಿತು. ಅದು ಗ್ರೇಸ್ ಅವಧಿ. ಆಪಲ್‌ನಲ್ಲಿ ಇದನ್ನು ಕೊಡಬೇಕೋ ಬೇಡವೋ ಅಂತ ಆ್ಯಪ್ ಮಾಡಿದವರು ತೀರ್ಮಾನಿಸುತ್ತಾರೆ. ಕೊಟ್ಟರೆ 3, 16 ಅಥವಾ 28 ದಿನ. ನಿಮ್ಮವರು 16 ಇಟ್ಟಿದ್ದಾರೆ. ಗ್ರೇಸ್ ಮುಗಿದ ಮೇಲೆ ಬಾಗಿಲು ಹಾಕಿದರು. ಆದರೆ ದುಡ್ಡು ಕೇಳುವುದನ್ನು ಆಪಲ್ ನಿಲ್ಲಿಸಲಿಲ್ಲ. ಮೊದಲ ಸಲ ಫೇಲ್ ಆದಾಗಿನಿಂದ 60 ದಿನದವರೆಗೆ, ಅಂದರೆ ನಿಮ್ಮ ಲೆಕ್ಕದಲ್ಲಿ ಮೇ 2ರವರೆಗೆ, ಅದು ಆಗಾಗ ಕಾರ್ಡ್ ಬಡಿದು ನೋಡುತ್ತದೆ. ಅಷ್ಟರಲ್ಲೂ ಸಿಗದಿದ್ದರೆ ಮಾತ್ರ ತಾನಾಗಿ ಕೈಬಿಡುತ್ತದೆ.

ಏಪ್ರಿಲ್ 12ಕ್ಕೇ ಯಾಕೆ ಸಿಕ್ಕಿತು? ಆ ವಾರ ಕಾರ್ಡಿನ ಬಾಕಿ ತೀರಿಸಿದ್ದೀರಾ ನೋಡಿಕೊಳ್ಳಿ. ಲಿಮಿಟ್ ಸಾಲದೆ ಫೇಲ್ ಆದದ್ದು ಇವತ್ತಿಲ್ಲದಿದ್ದರೆ ನಾಳೆ ಪಾಸಾಗಬಹುದು. ದಿನಗಟ್ಟಲೆ ಕಾದು ಮತ್ತೆ ಕೇಳುವುದು ಅದಕ್ಕೇ. ಕಾರ್ಡ್ ಕಳೆದುಹೋಗಿದೆ, ಕದ್ದಿದ್ದಾರೆ ಅಂತ ಬ್ಯಾಂಕ್ ಹೇಳಿದರೆ ಮಾತ್ರ ಅದೇ ನಂಬರ್‌ಗೆ ಮತ್ತೆ ಕೇಳಿ ಉಪಯೋಗವಿಲ್ಲ. ಎಲ್ಲ ಫೇಲೂ ಒಂದೇ ಅಲ್ಲ.

ದುಡ್ಡು ಯಾವಾಗ ಸಿಕ್ಕಿತು ಅನ್ನುವುದರ ಮೇಲೆ ಮುಂದಿನ ತಾರೀಖೂ ನಿಲ್ಲುತ್ತದೆ. ಮಾರ್ಚ್ 10ಕ್ಕೆ ಸಿಕ್ಕಿದ್ದರೆ, ಗ್ರೇಸ್ ಒಳಗೇ ಆದ್ದರಿಂದ, ಮುಂದಿನ ಬಿಲ್ ಎಂದಿನಂತೆ ಏಪ್ರಿಲ್ 3ಕ್ಕೆ ಬರುತ್ತಿತ್ತು. ಬಂದ್ ಆದ ಮೇಲೆ ಸಿಕ್ಕಿದ್ದರಿಂದ ಏಪ್ರಿಲ್ 12ರಿಂದ ಹೊಸ ತಿಂಗಳು ಶುರು. ಮುಂದಿನದು ಮೇ 12. ನಡುವೆ ಬಂದ್ ಆಗಿದ್ದ ದಿನಗಳಿಗೆ ನಿಮ್ಮಿಂದ ಏನೂ ವಸೂಲಿ ಮಾಡಿಲ್ಲ. ಈಗ ಆ್ಯಪ್ ತೆರೆದು ನೋಡಿ, ನಡೆಯುತ್ತಿರುತ್ತದೆ.

ಬೇಡವಾದರೆ ಇವತ್ತೇ ಸೆಟ್ಟಿಂಗ್ಸ್ ತೆರೆದು, ಮೇಲಿರುವ ನಿಮ್ಮ ಹೆಸರು ಒತ್ತಿ, ಸಬ್‌ಸ್ಕ್ರಿಪ್ಶನ್‌ಗೆ ಹೋಗಿ ರದ್ದು ಮಾಡಿ. ಕಟ್ಟಿದ ತಿಂಗಳು ಮುಗಿಯುವವರೆಗೆ ಸಾಮಾನ್ಯವಾಗಿ ಆ್ಯಪ್ ನಡೆಯುತ್ತದೆ. ಈ ಕೆಲಸ ಮಾರ್ಚ್ 4ಕ್ಕೇ ಮಾಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಫೇಲ್ ಆಗಿ ಕಾಯುತ್ತಿರುವಾಗಲೂ ರದ್ದು ಮಾಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೋದ ದುಡ್ಡನ್ನು reportaproblem.apple.com ನಲ್ಲಿ ವಾಪಸ್ ಕೇಳಿ. ಕೊಡುತ್ತಾರೆ ಅಂತ ನಾನು ಮಾತು ಕೊಡಲಾರೆ.

ಇನ್ನೊಂದು ಎಚ್ಚರಿಕೆ. ಬಂದ್ ಆಯಿತು ಅಂತ ಸುಮ್ನೆ ಅದೇ ಸೇವೆಯನ್ನು ಅವರ ವೆಬ್‌ಸೈಟ್‌ನಲ್ಲಿ ಹೊಸದಾಗಿ ಕೊಳ್ಳುವವರಿದ್ದಾರೆ. ಹಳೆಯದು ಅತ್ತ ಕಾರ್ಡ್ ಬಡಿಯುತ್ತಲೇ ಇರುತ್ತದೆ. ಎರಡೂ ಪಾಸಾದರೆ ಒಂದೇ ಸೇವೆಗೆ ಎರಡು ಬಿಲ್. ಮುಂದುವರಿಯಬೇಕಿದ್ದರೆ ಅದೇ ಸಬ್‌ಸ್ಕ್ರಿಪ್ಶನ್‌ನ ಕಾರ್ಡ್ ಸರಿಮಾಡಿ. ನಾನಾದರೆ ಹಳೆಯದು ರದ್ದಾಗಿದೆ ಅಂತ ಕಣ್ಣಾರೆ ನೋಡದೆ ಹೊಸದಕ್ಕೆ ಕೈ ಹಾಕುವುದಿಲ್ಲ.

ಪ್ರಶ್ನೆ: ಆ್ಯಪ್ ಡಿಲೀಟ್ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು.

ಪ್ರಶ್ನೆ: ಕಾರ್ಡ್ ಅವಧಿ ಮುಗಿಯಲಿ, ತಾನಾಗೇ ನಿಲ್ಲುತ್ತದೆ ಅಂತ ಗೆಳೆಯ ಹೇಳಿದ. ನಿಜವಾ?

ಉತ್ತರ: ಈ ಸಲಹೆ ಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಹೊಸ ಕಾರ್ಡಿನ ವಿವರವನ್ನು ವ್ಯಾಪಾರಿಗೆ ತಲುಪಿಸುವ ವ್ಯವಸ್ಥೆ ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದೆ. ಅಮೆರಿಕದಂಥ ಕಡೆ ಹೊಸ ಕಾರ್ಡಿನಿಂದಲೇ ದುಡ್ಡು ಹೋದೀತು.

ಪ್ರಶ್ನೆ: ನಾನು ಮೈಸೂರಿನವಳು. ಯುಪಿಐ ಆಟೋಪೇ ಫೇಲ್ ಆಯಿತು. ಒಬ್ಬರು ಫೋನ್ ಮಾಡಿ, ಲಿಂಕ್ ಕಳಿಸಿ, ಪಿನ್ ಹಾಕಿದರೆ ಮರುಪ್ರಯತ್ನ ಆಗುತ್ತದೆ ಅಂದರು. ಹಾಕಲಾ?

ಉತ್ತರ: ಬೇಡವೇ ಬೇಡ, ಅವರು ಕಳ್ಳರು. ಪಿನ್ ಹಾಕುವುದು ಆಟೋಪೇ ಒಪ್ಪಿಗೆ ಕೊಡುವಾಗ. ಆಮೇಲೆ ಸಣ್ಣ ಮೊತ್ತದ ಮರುಪ್ರಯತ್ನ ನಿಮ್ಮ ಪಿನ್ ಕೇಳುವುದಿಲ್ಲ. ಅಕೌಂಟ್‌ನಲ್ಲಿ ದುಡ್ಡಿಡಿ, ಅಷ್ಟೇ. ಆ ನಂಬರಿನ ಬಗ್ಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡಿ.